ಒಂದೇ ಬಣ್ಣ, ಎರಡು ನಾಡು

ಕಂಬವೊಂದರ ಮೇಲೆ ಬಾವುಟ ಹಾರುತ್ತಿದೆ. ಮೇಲಿನ ಅರ್ಧ ಕೆಂಪು, ಕೆಳಗಿನ ಅರ್ಧ ಬಿಳಿ. ಲಾಂಛನವಿಲ್ಲ, ನಕ್ಷತ್ರವಿಲ್ಲ, ಅಕ್ಷರವಿಲ್ಲ. ಈ ಛಾಯಾಚಿತ್ರವನ್ನು ನೋಡಿದ ಒಬ್ಬನು ‘ಇದು ಇಂಡೊನೇಷ್ಯಾ’ ಎನ್ನುತ್ತಾನೆ. ಪಕ್ಕದಲ್ಲಿದ್ದವನು ‘ಅಲ್ಲ, ಮೊನಾಕೊ’ ಎನ್ನುತ್ತಾನೆ. ಬಣ್ಣವನ್ನು ಇಬ್ಬರೂ ಸರಿಯಾಗಿಯೇ ಕಂಡಿದ್ದಾರೆ. ಆದರೆ ಒಂದು, ಸಾವಿರಾರು ದ್ವೀಪಗಳಲ್ಲಿ ಹರಡಿಕೊಂಡು 27 ಕೋಟಿಗೂ ಮಿಕ್ಕ ಪ್ರಜೆಗಳಿರುವ ಗಣರಾಜ್ಯ. ಇನ್ನೊಂದು, ಮೆಡಿಟರೇನಿಯನ್ ಕಡಲ ದಂಡೆಯಲ್ಲಿ ಸುಮಾರು ಎರಡು ಚದರ ಕಿಲೋಮೀಟರು ನೆಲವುಳ್ಳ ಪುಟ್ಟ ಸಂಸ್ಥಾನ. ಚಿತ್ರದ ಅಡಿಯಲ್ಲಿ ಒಂದು ಸಾಲಿನ ವಿವರಣೆ ಬರೆಯಬೇಕಾದವನು ಇವೆರಡರಲ್ಲಿ ಒಂದನ್ನು ಆರಿಸಲೇಬೇಕು.

ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. 2017ರಲ್ಲಿ ಕ್ವಾಲಾಲಂಪುರದಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ನಡೆದಾಗ, ಅದರ ಸ್ಮರಣ ಪುಸ್ತಕದಲ್ಲಿ ಇಂಡೊನೇಷ್ಯಾದ ಧ್ವಜ ತಲೆಕೆಳಗಾಗಿ ಅಚ್ಚಾಯಿತು. ಬಿಳಿ ಮೇಲೆ, ಕೆಂಪು ಕೆಳಗೆ ಬಂದು ಅದು ಪೋಲೆಂಡಿನ ಧ್ವಜದಂತೆ ಕಂಡಿತು. ಇಂಡೊನೇಷ್ಯಾದ ಜನ ಸಿಟ್ಟಿಗೆದ್ದರು. ಮಲೇಷ್ಯಾದ ಕ್ರೀಡಾ ಸಚಿವರು ಕ್ಷಮೆ ಕೇಳಬೇಕಾಯಿತು. ಆ ತಪ್ಪನ್ನಾದರೂ ಕಣ್ಣಿದ್ದವರೆಲ್ಲ ಹಿಡಿಯಬಹುದಾಗಿತ್ತು. ಆದರೆ ಬಣ್ಣವೂ ಒಂದೇ, ಅವುಗಳ ಕ್ರಮವೂ ಒಂದೇ ಆಗಿದ್ದಾಗ ಕಣ್ಣು ಯಾವುದನ್ನು ಹಿಡಿದು ನಿಲ್ಲಬೇಕು?

ಮೊನಾಕೊ ಈ ಧ್ವಜವನ್ನು ಅಂಗೀಕರಿಸಿದ್ದು 1881ನೆಯ ಇಸವಿಯ ಏಪ್ರಿಲ್ 4ರಂದು, ಮೂರನೆಯ ಷಾರ್ಲ್ ಅರಸನ ಕಾಲದಲ್ಲಿ. ಕೆಂಪು ಬಿಳಿಗಳು ಅಲ್ಲಿನ ಗ್ರಿಮಾಲ್ಡಿ ರಾಜಮನೆತನದ ಬಣ್ಣಗಳು. ಇಂಡೊನೇಷ್ಯಾದ ಧ್ವಜ ಏರಿದ್ದು 1945ರ ಆಗಸ್ಟ್ 17ರಂದು, ಜಕಾರ್ತಾದಲ್ಲಿ ಸುಕರ್ನೊ ಅವರ ಮನೆಯ ಅಂಗಳದಲ್ಲಿ. ಅದನ್ನು ಹೊಲಿದವರು ಅವರ ಪತ್ನಿ ಫಾತ್ಮಾವತಿ. ಎರಡು ಧ್ವಜಗಳ ನಡುವೆ ನಿಯಮವು ಇಟ್ಟಿರುವ ಅಂತರ ಒಂದೇ: ಮೊನಾಕೊದ ಧ್ವಜದ ಎತ್ತರ ನಾಲ್ಕು ಪಾಲಾದರೆ ಉದ್ದ ಐದು ಪಾಲು, ಇಂಡೊನೇಷ್ಯಾದ್ದು ಎತ್ತರ ಎರಡು ಪಾಲಾದರೆ ಉದ್ದ ಮೂರು ಪಾಲು. ಬೇರೆ ಮಾತಿನಲ್ಲಿ, ಮೊನಾಕೊದ ಉದ್ದ ಎತ್ತರದ 1.25ರಷ್ಟು, ಇಂಡೊನೇಷ್ಯಾದ ಉದ್ದ ಎತ್ತರದ 1.5ರಷ್ಟು. ಕಂಬಕ್ಕೆ ಅಂಟಿಕೊಂಡ ಅಂಚಿನ ಅಳತೆಗೆ ಇಲ್ಲಿ ಎತ್ತರವೆಂದೂ, ಕಂಬದಿಂದ ಗಾಳಿಗೆ ಚಾಚಿದ ಅಳತೆಗೆ ಉದ್ದವೆಂದೂ ಹೆಸರು.

ಉದ್ದವನ್ನು ಕದಿಯುವ ಕಳ್ಳರು

ಹಾಗಾದರೆ ಕೆಲಸ ಸುಲಭವೆಂದು ತೋರಬಹುದು. ಚಿತ್ರದ ಮೇಲೆ ಅಳತೆಪಟ್ಟಿಯಿಟ್ಟು ಎತ್ತರವನ್ನೂ ಉದ್ದವನ್ನೂ ಅಳೆದು ಭಾಗಿಸಿದರೆ ಮುಗಿಯಲಿಲ್ಲವೆ? ಮುಗಿಯಲಿಲ್ಲ. ಪುಸ್ತಕದಲ್ಲಿ ಅಚ್ಚಾದ ಧ್ವಜ ಸಪಾಟಾಗಿ ಮಲಗಿರುತ್ತದೆ. ಕಂಬದ ಮೇಲಿನ ಧ್ವಜ ಒಂದು ಕ್ಷಣವೂ ಹಾಗಿರುವುದಿಲ್ಲ. ಗಾಳಿ ಅದರಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಪ್ರತಿಯೊಂದು ಅಲೆಯೂ ಸ್ವಲ್ಪ ಬಟ್ಟೆಯನ್ನು ನುಂಗುತ್ತದೆ. ಧ್ವಜ ಛಾಯಾಗ್ರಾಹಕನ ಕಡೆಗೋ ಅವನಿಂದ ಆಚೆಗೋ ಓರೆಯಾಗಿ ಹಾರುತ್ತಿದ್ದರೆ, ತೆರೆದ ಬಾಗಿಲು ಪಕ್ಕದಿಂದ ಕಿರಿದಾಗಿ ಕಾಣುವಂತೆ ಅದೂ ಕಿರಿದಾಗುತ್ತದೆ. ಹಲವು ತಿಂಗಳು ಹಾರಿದ ಧ್ವಜದ ತುದಿ ಗಾಳಿಗೆ ಬಡಿದುಕೊಂಡು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹರಿದ ತುದಿಯನ್ನು ಕತ್ತರಿಸಿ ಮತ್ತೆ ಅಂಚು ಹೊಲಿದರೆ ಉದ್ದ ಇನ್ನಷ್ಟು ಕುಗ್ಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವೆಲ್ಲವೂ ಉದ್ದವನ್ನು ಕದಿಯುವ ಕಳ್ಳರು. ಕಂಬದ ಬಳಿಯ ಎತ್ತರವನ್ನು ಹಗ್ಗ ಬಿಗಿಯಾಗಿ ಹಿಡಿದಿರುತ್ತದೆ. ಅದು ಹೆಚ್ಚುಕಡಮೆ ಇದ್ದಂತೆಯೇ ಇರುತ್ತದೆ. ಉದ್ದವಾದರೋ ಕಡಮೆಯಾಗುತ್ತದೆಯೇ ಹೊರತು ಹೆಚ್ಚಾಗಲಾರದು. ಇದರಿಂದ ಒಂದು ದೊಡ್ಡ ಪ್ರಯೋಜನವುಂಟು. ಚಿತ್ರದಲ್ಲಿ ಅಳೆದ ಉದ್ದ ಎತ್ತರದ 1.4ರಷ್ಟು ಬಂದಿತೆಂದು ಭಾವಿಸಿದರೆ, ಆ ಧ್ವಜ ಮೊನಾಕೊದ್ದಾಗಿರಲಾರದು. ಏಕೆಂದರೆ ಮೊನಾಕೊದ ಧ್ವಜವನ್ನು ಹಲಗೆಗೆ ಮೊಳೆ ಹೊಡೆದು ಹರಡಿದರೂ 1.25ನ್ನು ದಾಟದು. ಆದರೆ ಅಳತೆ 1.2 ಬಂದರೆ? ಅದರಿಂದ ಏನೂ ತಿಳಿಯದು. ಅದು ಚೆನ್ನಾಗಿ ಹರಡಿದ ಮೊನಾಕೊ ಆಗಿರಬಹುದು. ಮುದುಡಿಕೊಂಡ ಇಂಡೊನೇಷ್ಯಾವೂ ಆಗಿರಬಹುದು.

ಈ ಪರೀಕ್ಷೆ ಒಮ್ಮುಖದ್ದು. ಉದ್ದ ಹೆಚ್ಚು ಕಂಡಾಗ ಅದು ಸಾಕ್ಷಿ ಹೇಳುತ್ತದೆ. ಉದ್ದ ಕಡಮೆ ಕಂಡಾಗ ಮೌನವಾಗಿರುತ್ತದೆ. ಬಹುಮಂದಿ ಎಡವುವುದು ಇಲ್ಲಿಯೇ. ಚಿತ್ರದಲ್ಲಿ ಧ್ವಜ ಗಿಡ್ಡಾಗಿ ಕಂಡೊಡನೆ ‘ಮೊನಾಕೊ’ ಎಂದುಬಿಡುತ್ತಾರೆ. ಗಿಡ್ಡಾಗಿ ಕಾಣುವುದು ಎಲ್ಲ ಧ್ವಜಗಳ ಸ್ವಭಾವವೆಂಬುದನ್ನು ಮರೆಯುತ್ತಾರೆ.

ಆದುದರಿಂದ ಒಂದೇ ಚಿತ್ರವನ್ನು ನಂಬದೆ, ಅದೇ ಸಮಾರಂಭದ ಹತ್ತು ಚಿತ್ರಗಳಿದ್ದರೆ ಹತ್ತನ್ನೂ ಅಳೆಯಬೇಕು. ಒಂದೇ ಚಿತ್ರದಲ್ಲಿ ಎಂಟು ಧ್ವಜಗಳಿದ್ದರೆ ಎಂಟನ್ನೂ ಅಳೆಯಬೇಕು. ಅವುಗಳಲ್ಲಿ ಅತಿ ಹೆಚ್ಚು ಹರಡಿಕೊಂಡಿರುವ ಧ್ವಜದ ಅಳತೆಯೇ ನಿಜಕ್ಕೆ ಹತ್ತಿರ. ಸರಾಸರಿ ತೆಗೆಯುವುದು ತಪ್ಪು. ಕಳ್ಳತನದ ಲೆಕ್ಕವನ್ನು ಸರಾಸರಿ ಮಾಡಿದರೆ ಕಳೆದುಹೋದುದು ಹಿಂದಿರುಗುವುದಿಲ್ಲ. ಹಲವು ಧ್ವಜಗಳಲ್ಲಿ ಒಂದೇ ಒಂದು 1.4ನ್ನು ಮುಟ್ಟಿದರೂ ಮೊನಾಕೊದ ಪಕ್ಷ ಸೋಲುತ್ತದೆ. ಹತ್ತಾರು ಧ್ವಜಗಳು ಬಗೆಬಗೆಯಾಗಿ ಹಾರುತ್ತಿದ್ದರೂ ಯಾವುದೊಂದೂ 1.25ನ್ನು ದಾಟದಿದ್ದರೆ ಮಾತ್ರ ಮೊನಾಕೊದ ಕಡೆಗೆ ಸಂಶಯ ವಾಲಬಹುದು.

ತಲೆಯೆತ್ತಿ ನೋಡುವವನ ಮೋಸ

ಈ ನಿಯಮಕ್ಕೆ ಒಂದು ಅಪವಾದವುಂಟು. ಎತ್ತರದ ಕಂಬದ ಬುಡದಲ್ಲಿ ನಿಂತು, ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದ ಚಿತ್ರದಲ್ಲಿ ಕುಗ್ಗುವುದು ಉದ್ದವಲ್ಲ, ಎತ್ತರ. ಕ್ಯಾಮೆರಾ ಮೂವತ್ತು ಡಿಗ್ರಿಯಷ್ಟು ಮೇಲಕ್ಕೆ ವಾಲಿದ್ದರೆ, 24 ಮಿಲಿಮೀಟರು ಕಾಣಬೇಕಾದ ಎತ್ತರ 21ಕ್ಕಿಂತ ತುಸು ಕಡಮೆಯಾಗಿ ಕಾಣುತ್ತದೆ. 30 ಮಿಲಿಮೀಟರಿನ ಉದ್ದ ಮಾತ್ರ ಹಾಗೆಯೇ ಉಳಿಯುತ್ತದೆ. ಭಾಗಿಸಿದರೆ ಬರುವುದು ಸುಮಾರು 1.44. ಅಪ್ಪಟ ಮೊನಾಕೊದ ಧ್ವಜ ಇಂಡೊನೇಷ್ಯಾದ ವೇಷ ಹಾಕಿ ನಿಂತಂತಾಯಿತು!

ಈ ಮೋಸವನ್ನು ಕಂಡುಹಿಡಿಯುವ ಗುರುತು ಚಿತ್ರದಲ್ಲಿಯೇ ಇರುತ್ತದೆ. ಹಿನ್ನೆಲೆಯಲ್ಲಿ ಕಟ್ಟಡಗಳಿದ್ದರೆ ಅವುಗಳ ನೆಟ್ಟನೆಯ ಗೋಡೆಗಳನ್ನು ನೋಡಬೇಕು. ಕ್ಯಾಮೆರಾ ಸಮವಾಗಿದ್ದಾಗ ಆ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಮೇಲಕ್ಕೆ ವಾಲಿದ್ದರೆ, ಗೋಪುರದ ಶಿಖರದತ್ತ ಸಾಗುವಂತೆ, ಅವು ಮೇಲೆ ಹೋದಂತೆಲ್ಲ ಹತ್ತಿರವಾಗುತ್ತವೆ. ಹಾಗೆ ಕಂಡ ಚಿತ್ರದಲ್ಲಿ ಧ್ವಜದ ಉದ್ದ ಹೆಚ್ಚಾಗಿ ಬಂದರೂ ಅದನ್ನು ಸಾಕ್ಷಿಯಾಗಿ ಸ್ವೀಕರಿಸಬಾರದು.

ಇನ್ನೊಂದು ಮೋಸ ಅಚ್ಚುಮನೆಯಲ್ಲಿಯೋ ಗಣಕಯಂತ್ರದಲ್ಲಿಯೋ ನಡೆಯುತ್ತದೆ. ಪುಟದಲ್ಲಿ ಖಾಲಿಯಿದ್ದ ಜಾಗವನ್ನು ತುಂಬಲು ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿರುತ್ತಾರೆ. ಇದನ್ನು ಪತ್ತೆ ಮಾಡಲು ದುಂಡಗಿರಲೇಬೇಕಾದ ವಸ್ತುವೊಂದನ್ನು ಚಿತ್ರದಲ್ಲಿ ಹುಡುಕಬೇಕು. ನೇರವಾಗಿ ಎದುರಿಗೆ ಕಾಣುವ ಮೋಟಾರಿನ ಗಾಲಿ, ಗೋಡೆಯ ಗಡಿಯಾರ, ಇಂಥ ಯಾವುದಾದರೂ ಸಾಕು. ಗಾಲಿ ಮೊಟ್ಟೆಯಾಕಾರವಾಗಿ ಮಲಗಿದ್ದರೆ ಧ್ವಜದ ಅಳತೆಯೂ ಸುಳ್ಳು.

ದೆಹಲಿಯ ಒಂದು ಬೀದಿ

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಪತ್ರಿಕೆಯೊಂದರ ಕಚೇರಿಯ ಹಳೆಯ ಕಡತದಲ್ಲಿ ಒಂದು ಬಣ್ಣದ ಚಿತ್ರ ಸಿಗುತ್ತದೆ. ದೆಹಲಿಯ ಅಗಲವಾದ ಬೀದಿ. ಸಾಲು ದೀಪದ ಕಂಬಗಳು. ಒಂದೊಂದು ಕಂಬದ ಮೇಲೂ ಭಾರತದ ತ್ರಿವರ್ಣ ಧ್ವಜ ಮತ್ತು ಅದರ ಪಕ್ಕದಲ್ಲಿ ಕೆಂಪು ಬಿಳಿಯ ಧ್ವಜ. ಯಾರೋ ಪರದೇಶದ ಅತಿಥಿ ಬಂದಿದ್ದ ಸಮಯ. ಚಿತ್ರದ ಹಿಂಭಾಗದಲ್ಲಿ ತಾರೀಖಿಲ್ಲ, ಹೆಸರಿಲ್ಲ. ಮೊನಾಕೊದ ಅರಸ ಎರಡನೆಯ ಆಲ್ಬರ್ಟ್ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಇಂಡೊನೇಷ್ಯಾದ ಅಧ್ಯಕ್ಷ ಪ್ರಬೋವೊ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ಬಂದದ್ದು 2025ರ ಜನವರಿಯಲ್ಲಿ. ಎರಡೂ ಚಳಿಗಾಲದ ಭೇಟಿಗಳೇ. ಮರಗಳ ಎಲೆಯನ್ನಾಗಲಿ ಜನರ ಉಡುಪನ್ನಾಗಲಿ ನೋಡಿ ನಿರ್ಧರಿಸುವಂತಿಲ್ಲ.

ಇಂಥ ಚಿತ್ರದಲ್ಲಿ ಭಾರತದ ಧ್ವಜವೇ ಅಳತೆಗೋಲಾಗುತ್ತದೆ. ಅದರ ಪ್ರಮಾಣ ಖಚಿತವಾಗಿ ಗೊತ್ತಿದೆ: ಎತ್ತರ ಎರಡು, ಉದ್ದ ಮೂರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವವರು ಪಾಲಿಸುವುದು ಇದೇ ಪ್ರಮಾಣವನ್ನು. ನಿಯಮದಲ್ಲಿ ಹೇಳಿದ ಅತಿ ದೊಡ್ಡ ಧ್ವಜ 6300 ಮಿಲಿಮೀಟರು ಉದ್ದ, 4200 ಎತ್ತರ. ಅತಿ ಚಿಕ್ಕದು 150 ಉದ್ದ, 100 ಎತ್ತರ. ಗಾತ್ರ ಯಾವುದಾದರೂ ಉದ್ದವು ಎತ್ತರದ ಒಂದೂವರೆ ಪಟ್ಟು. ಎರಡು ಧ್ವಜಗಳೂ ಒಂದೇ ಕಂಬದ ಮೇಲೆ, ಒಂದೇ ಗಾಳಿಯಲ್ಲಿ, ಒಂದೇ ದಿಕ್ಕಿಗೆ ಹಾರುತ್ತಿದ್ದರೆ, ಭಾರತದ ಧ್ವಜದಿಂದ ಎಷ್ಟು ಉದ್ದ ಕಳೆದುಹೋಗಿದೆಯೋ ಪಕ್ಕದ ಧ್ವಜದಿಂದಲೂ ಹೆಚ್ಚುಕಡಮೆ ಅಷ್ಟೇ ಪಾಲು ಕಳೆದುಹೋಗಿರಬೇಕು. ಕ್ಯಾಮೆರಾ ಮೇಲಕ್ಕೆ ವಾಲಿದ್ದರೂ ಚಿಂತೆಯಿಲ್ಲ. ಆ ತಪ್ಪೂ ಎರಡಕ್ಕೂ ಸಮಾನ.

ಲೆಕ್ಕವನ್ನು ಮಾಡಿ ನೋಡಬಹುದು. ಚಿತ್ರದಲ್ಲಿ ಭಾರತದ ಧ್ವಜದ ಎತ್ತರ 24 ಮಿಲಿಮೀಟರು. ಕಾಣುವ ಉದ್ದ 33. ಪೂರ್ಣ ಹರಡಿದ್ದರೆ ಉದ್ದ 36 ಇರಬೇಕಾಗಿತ್ತು. ಅಂದರೆ ಗಾಳಿಯ ಅಲೆಗಳೂ ಓರೆಯೂ ಸೇರಿ ಹನ್ನೆರಡರಲ್ಲಿ ಒಂದು ಪಾಲನ್ನು ನುಂಗಿವೆ. ಪಕ್ಕದ ಕೆಂಪು ಬಿಳಿಯ ಧ್ವಜದ ಎತ್ತರವೂ 24. ಕಾಣುವ ಉದ್ದ 27.5. ಕಳೆದುಹೋದ ಪಾಲನ್ನು ಇದಕ್ಕೆ ಮರಳಿ ಕೂಡಿಸಿದರೆ ಉದ್ದ 30 ಆಗುತ್ತದೆ. 30ನ್ನು 24ರಿಂದ ಭಾಗಿಸಿದರೆ 1.25. ಇದು ಮೊನಾಕೊದ ಪ್ರಮಾಣ. ಮುಂದಿನ ಕಂಬವನ್ನೂ ಅದರ ಮುಂದಿನದನ್ನೂ ಅಳೆದು, ಎಲ್ಲೆಡೆಯೂ ಕೆಂಪು ಬಿಳಿಯ ಧ್ವಜವೇ ತ್ರಿವರ್ಣಕ್ಕಿಂತ ಅದೇ ಪಾಲಿನಷ್ಟು ಗಿಡ್ಡಾಗಿ ಕಂಡರೆ, ಕಡತದ ಮೇಲೆ ‘2019, ಮೊನಾಕೊ’ ಎಂದು ಬರೆಯಲು ಆಧಾರ ದೊರೆತಂತಾಯಿತು.

ಆದರೆ ಕೆಂಪು ಬಿಳಿಯ ಧ್ವಜವೂ 33 ಮಿಲಿಮೀಟರೇ ಇದ್ದು ತ್ರಿವರ್ಣದೊಡನೆ ಸರಿಸಮವಾಗಿದ್ದರೆ? ಅದು ಇಂಡೊನೇಷ್ಯಾ ಎಂದು ಹೇಳಲು ಅವಸರಪಡಬಾರದು. ಸಾಲಾಗಿ ಧ್ವಜಗಳನ್ನು ಕಟ್ಟುವವರು ನೋಟಕ್ಕೆ ಒಂದೇ ಸಮನಾಗಿರಲೆಂದು ಎಲ್ಲ ದೇಶಗಳ ಧ್ವಜಗಳನ್ನೂ ಒಂದೇ ಅಳತೆಗೆ ಹೊಲಿಸುವ ವಾಡಿಕೆಯುಂಟು. ದೊಡ್ಡ ಕ್ರೀಡಾಕೂಟಗಳಲ್ಲಿ ನಡೆಯುವುದು ಹೀಗೆಯೇ. ಅಂಥಲ್ಲಿ ಮೊನಾಕೊದ ಧ್ವಜವೂ ಇಂಡೊನೇಷ್ಯಾದ ಉದ್ದವನ್ನು ತಾಳಿರುತ್ತದೆ. ಪ್ರಮಾಣ ಬೇರೆಯಾಗಿ ಕಂಡರೆ ಅದಕ್ಕೆ ಅರ್ಥವಿದೆ, ಏಕೆಂದರೆ ಯಾರೋ ನಿಯಮವನ್ನು ನೋಡಿ ಹಾಗೆ ಹೊಲಿದಿದ್ದಾರೆ. ಪ್ರಮಾಣ ಒಂದೇ ಆಗಿ ಕಂಡರೆ ಅದು ನಿಯಮವೂ ಆಗಿರಬಹುದು, ದರ್ಜಿಯ ಅನುಕೂಲವೂ ಆಗಿರಬಹುದು.

ಪ್ರಮಾಣ ಮೌನ ತಾಳಿದಾಗ ನೆರೆಯವರನ್ನು ಕೇಳುವುದು ಒಳ್ಳೆಯದು. ವಿಶ್ವಸಂಸ್ಥೆಯ ಮುಂದೆ ಧ್ವಜಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಂತಿರುತ್ತವೆ. ಅಲ್ಲಿ ಇಂಡೊನೇಷ್ಯಾ ನಿಲ್ಲುವುದು ಭಾರತ ಮತ್ತು ಇರಾನುಗಳ ನಡುವೆ. ಮೊನಾಕೊ ನಿಲ್ಲುವುದು ಮೈಕ್ರೊನೇಷ್ಯಾ ಮತ್ತು ಮಂಗೋಲಿಯಗಳ ನಡುವೆ. ಅಶೋಕಚಕ್ರದ ಪಕ್ಕದಲ್ಲಿರುವ ಕೆಂಪು ಬಿಳಿಯನ್ನು ಅಲ್ಲಿ ಯಾರೂ ತಪ್ಪು ತಿಳಿಯಲಾರರು.

ಬಿಳಿಯ ಸಾಕ್ಷಿ

ಪ್ರಮಾಣದ ಮಾತು ಹೀಗಾದರೆ, ಛಾಯೆಯ ಮಾತು ಇನ್ನೂ ಸೂಕ್ಷ್ಮ. ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳ ಧ್ವಜಗಳೆರಡರಲ್ಲಿಯೂ ಮೇಲಿನಿಂದ ಕೆಳಕ್ಕೆ ಕೆಂಪು, ಬಿಳಿ, ನೀಲಿ ಅಡ್ಡಪಟ್ಟೆಗಳು. ನೆದರ್ಲೆಂಡ್ಸಿನ ನೀಲಿ ಗಾಢವಾದ ಕೋಬಾಲ್ಟ್ ನೀಲಿ; ಲಕ್ಸೆಂಬರ್ಗಿನದು ಶರತ್ಕಾಲದ ಆಕಾಶದಂಥ ತಿಳಿನೀಲಿ. ಪ್ರಮಾಣದಲ್ಲಿಯೂ ವ್ಯತ್ಯಾಸವುಂಟು. ನೆದರ್ಲೆಂಡ್ಸಿನದು ಎರಡಕ್ಕೆ ಮೂರು. ಲಕ್ಸೆಂಬರ್ಗಿನದು ಮೂರಕ್ಕೆ ಐದು, ಇಲ್ಲವೆ ಒಂದಕ್ಕೆ ಎರಡು. ಮೇಲೆ ಹೇಳಿದ ಒಮ್ಮುಖದ ಪರೀಕ್ಷೆ ಇಲ್ಲಿಯೂ ಸಲ್ಲುತ್ತದೆ: ಸಮವಾಗಿ ಹಿಡಿದ ಕ್ಯಾಮೆರಾದ ಚಿತ್ರದಲ್ಲಿ ಉದ್ದ ಒಂದೂವರೆ ಪಟ್ಟನ್ನು ಸ್ಪಷ್ಟವಾಗಿ ದಾಟಿದರೆ ಅದು ನೆದರ್ಲೆಂಡ್ಸ್ ಅಲ್ಲ. ಈ ಗೊಂದಲ ಲಕ್ಸೆಂಬರ್ಗಿನವರನ್ನೇ ಕಾಡಿದೆ. 2006ರಲ್ಲಿ ಅಲ್ಲಿನ ಸಂಸತ್ತಿನ ಸದಸ್ಯ ಮಿಷೆಲ್ ವೋಲ್ಟರ್ ಕೆಂಪು ಸಿಂಹದ ಧ್ವಜವನ್ನು ರಾಷ್ಟ್ರಧ್ವಜವಾಗಿ ಮಾಡಬೇಕೆಂದು ಮಸೂದೆ ತಂದರು. ತ್ರಿವರ್ಣ ಉಳಿಯಿತು, ಆದರೆ ದೇಶದೊಳಗೆ ಸಿಂಹದ ಧ್ವಜವನ್ನು ಹಾರಿಸಲು ಸರಕಾರ 2007ರಲ್ಲಿ ಒಪ್ಪಿತು.

ಛಾಯಾಚಿತ್ರದ ನೀಲಿಯನ್ನು ನೋಡಿ ಇದು ಗಾಢ, ಇದು ತಿಳಿ ಎಂದು ತೀರ್ಮಾನಿಸುವುದಕ್ಕೆ ಮೊದಲು ಆ ಚಿತ್ರ ಎಂಥ ಬೆಳಕಿನಲ್ಲಿ ತೆಗೆದದ್ದೆಂದು ತಿಳಿಯಬೇಕು. ಇಲ್ಲಿ ನೆರವಿಗೆ ಬರುವುದು ಆ ಧ್ವಜದ ನಡುವಣ ಬಿಳಿಯ ಪಟ್ಟೆ. ಬಿಳಿ ಚಿತ್ರದಲ್ಲಿಯೂ ಬಿಳಿಯಾಗಿಯೇ ಇದ್ದರೆ ನೀಲಿಯ ಮಾತನ್ನು ನಂಬಬಹುದು. ಸಂಜೆಯ ಬಿಸಿಲಿನಲ್ಲಿ ಬಿಳಿ ಕೆನೆಬಣ್ಣಕ್ಕೆ ತಿರುಗಿದ್ದರೆ ನೀಲಿಯೂ ಮಂಕಾಗಿ ಕಪ್ಪಿಟ್ಟಿರುತ್ತದೆ. ತಿಳಿನೀಲಿ ಗಾಢದಂತೆ ಕಾಣುತ್ತದೆ. ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಬಿಳಿಗೂ ಆಕಾಶದ ನೀಲಿ ಹತ್ತಿಕೊಂಡಿರುತ್ತದೆ. ಆಗ ನೀಲಿಯ ಪಟ್ಟೆ ಇದ್ದುದಕ್ಕಿಂತ ಹೆಚ್ಚು ಕಳೆಯಾಗಿ ಕಾಣುತ್ತದೆ. ಬಿಳಿ ಬೂದಿಯಾಗಿದ್ದರೆ ಇಡೀ ಚಿತ್ರವೇ ಕತ್ತಲೆಗೆ ಸರಿದಿದೆ ಎಂದು ಅರ್ಥ.

ಹೋಲಿಸುವಾಗ ಕಣ್ಣು ಒಂದು ಚೇಷ್ಟೆ ಮಾಡುತ್ತದೆ. ಬಿಳಿಯ ಪಕ್ಕದಲ್ಲಿರುವ ನೀಲಿ ಅದಕ್ಕೆ ಇದ್ದುದಕ್ಕಿಂತ ಗಾಢವಾಗಿ ತೋರುತ್ತದೆ. ಇದನ್ನು ತಡೆಯುವ ಉಪಾಯ ಸರಳ. ಬೂದುಬಣ್ಣದ ಕಾಗದದಲ್ಲಿ ಗುಂಡುಸೂಜಿಯ ತಲೆಯಷ್ಟು ದೊಡ್ಡ ಎರಡು ಕಿಂಡಿಗಳನ್ನು ಮಾಡಿ, ಒಂದು ಬಿಳಿಯ ಮೇಲೆ, ಇನ್ನೊಂದು ನೀಲಿಯ ಮೇಲೆ ಬರುವಂತೆ ಚಿತ್ರದ ಮೇಲಿಡಬೇಕು. ಸುತ್ತಣ ಬಣ್ಣಗಳೆಲ್ಲ ಮರೆಯಾಗಿ ಎರಡು ಚುಕ್ಕೆಗಳಷ್ಟೇ ಉಳಿದಾಗ ಕಣ್ಣು ನೇರವಾಗಿ ಮಾತಾಡುತ್ತದೆ. ಕಿಂಡಿಯನ್ನು ಇಡಬೇಕಾದ್ದು ಬಟ್ಟೆಯ ಹೊಳೆಯುವ ಅಲೆಯ ನೆತ್ತಿಯ ಮೇಲಲ್ಲ, ಅದರ ನೆರಳಿನ ಕಣಿವೆಯಲ್ಲಿಯೂ ಅಲ್ಲ. ಎರಡರ ನಡುವಣ ಇಳಿಜಾರಿನಲ್ಲಿ. ಬಿಳಿಗೂ ನೀಲಿಗೂ ಒಂದೇ ಅಲೆಯನ್ನು ಆರಿಸಿಕೊಳ್ಳಬೇಕು.

ಮಾಸಿದ ಧ್ವಜದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬಿಸಿಲಿಗೆ ಮಾಸಿದ ನೆದರ್ಲೆಂಡ್ಸಿನ ನೀಲಿ ಲಕ್ಸೆಂಬರ್ಗಿನ ನೀಲಿಯ ಕಡೆಗೆ ಇಳಿಯುತ್ತದೆ. ಅಂಥಲ್ಲಿ ಅಂಚಿನ ಮಡಿಕೆಯನ್ನು ನೋಡಬೇಕು. ಹೊಲಿಗೆಯ ಒಳಗೆ ಮಡಿಸಿಕೊಂಡಿದ್ದ ಬಟ್ಟೆ ಎಲ್ಲಿಯಾದರೂ ಬಿಚ್ಚಿ ಕಂಡರೆ ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಹೊಸ ಧ್ವಜದಲ್ಲಿ ಕೆಂಪೂ ಉಜ್ವಲವಾಗಿಯೇ ಇರುತ್ತದೆ. ಕೆಂಪು ಮಾಸಿ ಗುಲಾಬಿಯ ಬಣ್ಣಕ್ಕೆ ಬಂದಿದ್ದರೆ, ನೀಲಿಯ ತಿಳಿತನವನ್ನು ನಂಬಬಾರದು.

ಬಿಳಿಯೇ ಇಲ್ಲದಾಗ

ಈಗ ಎಲ್ಲಕ್ಕಿಂತ ಕಠಿಣವಾದ ಜೋಡಿ. ಆಫ್ರಿಕಾದ ಚಾಡ್ ಮತ್ತು ಯೂರೋಪಿನ ರುಮೇನಿಯಾ. ಎರಡರಲ್ಲಿಯೂ ಕಂಬದ ಕಡೆಯಿಂದ ನೀಲಿ, ಹಳದಿ, ಕೆಂಪು ಪಟ್ಟೆಗಳು ನೆಟ್ಟಗೆ ನಿಂತಿವೆ. ಪ್ರಮಾಣವೂ ಒಂದೇ, ಎರಡಕ್ಕೆ ಮೂರು. ಉಳಿದಿರುವ ಭೇದವೆಂದರೆ ರುಮೇನಿಯಾದ ನೀಲಿ ಕೋಬಾಲ್ಟ್. ಚಾಡಿನದು ಅದಕ್ಕಿಂತ ಕಪ್ಪಾದ ಇಂಡಿಗೋ.

ಭೇದ ಎಷ್ಟೆಂಬುದಕ್ಕೆ ಗಣಕದ ತೆರೆಯ ಮೇಲೆ ಸಾಮಾನ್ಯವಾಗಿ ಬಳಸುವ ಅಂಕಿಗಳನ್ನು ನೋಡಬಹುದು. ರುಮೇನಿಯಾದ ನೀಲಿಗೆ #002B7F, ಚಾಡಿನ ನೀಲಿಗೆ #002664. ಬೆಳಕಿನ ಲೆಕ್ಕಕ್ಕೆ ತಂದರೆ ಒಂದರ ನೀಲಿ ಇನ್ನೊಂದರ ಎರಡು ಪಟ್ಟಿಗಿಂತ ಕಡಮೆ. ಕ್ಯಾಮೆರಾ ಹೊಳೆಯುವ ಆಕಾಶವನ್ನು ನೋಡಿ ಬೆಳಕನ್ನು ತಗ್ಗಿಸಿದರೆ ರುಮೇನಿಯಾದ ಕೋಬಾಲ್ಟ್ ಇಂಡಿಗೋ ಆಗಿಬಿಡುತ್ತದೆ. ಹಿಂದಿನ ಕಪ್ಪು ಗೋಡೆಯನ್ನು ನೋಡಿ ಬೆಳಕನ್ನು ಹೆಚ್ಚಿಸಿದರೆ ಚಾಡಿನ ಇಂಡಿಗೋ ಕೋಬಾಲ್ಟ್ ಆಗಿಬಿಡುತ್ತದೆ. ಮಳೆಯಲ್ಲಿ ನೆನೆದ ಬಟ್ಟೆ ಕಪ್ಪಾಗುತ್ತದೆ. ಬಿಸಿಲಿಗೆ ಮಾಸಿದ ಬಟ್ಟೆ ಬೆಳ್ಳಗಾಗುತ್ತದೆ. ನೆದರ್ಲೆಂಡ್ಸಿನ ಧ್ವಜದಲ್ಲಿದ್ದ ಬಿಳಿಯ ಸಾಕ್ಷಿ ಇಲ್ಲಿಲ್ಲ. ಸಾಕ್ಷಿಯನ್ನು ಧ್ವಜದ ಹೊರಗೆ ಹುಡುಕಬೇಕು. ಅದೇ ಬೆಳಕಿನಲ್ಲಿ ನಿಂತವನ ಬಿಳಿಯ ಅಂಗಿಯೋ ಕಾಗದವೋ ಸಿಕ್ಕರೆ ಬೆಳಕಿನ ಬಣ್ಣ ತಿಳಿದೀತು. ಹಾಗೆ ಸಿಕ್ಕರೂ, ಆ ಧ್ವಜವನ್ನು ಹೊಲಿದ ದರ್ಜಿ ಯಾವ ಅಂಗಡಿಯ ನೀಲಿ ಬಟ್ಟೆಯನ್ನು ತಂದನೆಂಬುದು ತಿಳಿಯದು. ಚಾಡಿನ ಸಂವಿಧಾನವೂ ‘ನೀಲಿ, ಚಿನ್ನದ ಬಣ್ಣ, ಕೆಂಪು’ ಎನ್ನುತ್ತದೆಯೇ ಹೊರತು ಎಂಥ ನೀಲಿಯೆಂದು ಕಟ್ಟುನಿಟ್ಟು ಮಾಡಿಲ್ಲ. ಎರಡು ಧ್ವಜಗಳೂ ಒಂದೇ ಚಿತ್ರದಲ್ಲಿ, ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಇದ್ದರೆ ಕಪ್ಪಾದುದು ಚಾಡ್ ಎಂದು ಊಹಿಸಬಹುದು. ಒಂದೇ ಧ್ವಜವಿದ್ದಾಗ ಛಾಯೆಯಿಂದ ಮಾತ್ರವೇ ತೀರ್ಪು ಕೊಡುವುದು ಸಾಹಸ.

ಇಲ್ಲಿ ಬಣ್ಣಕ್ಕಿಂತ ತಾರೀಖು ಹೆಚ್ಚು ಹೇಳುತ್ತದೆ. ಚಾಡ್ ಈ ಧ್ವಜವನ್ನು ಅಂಗೀಕರಿಸಿದ್ದು 1959ರ ನವೆಂಬರಿನಲ್ಲಿ. ಆ ಕಾಲಕ್ಕೆ ರುಮೇನಿಯಾದ ಧ್ವಜ ಬೇರೆಯಾಗಿಯೇ ಇತ್ತು. 1948ರಿಂದ ಅದರ ಹಳದಿಯ ನಡುವೆ ಕಮ್ಯೂನಿಸ್ಟ್ ಸರಕಾರದ ಲಾಂಛನವಿತ್ತು. ಇಬ್ಬರಿಗೂ ತೊಂದರೆಯಿರಲಿಲ್ಲ. 1989ರ ಡಿಸೆಂಬರಿನಲ್ಲಿ ಬುಖಾರೆಸ್ಟಿನ ಬೀದಿಗಳಲ್ಲಿ ಜನ ಚೌಷೆಸ್ಕುವಿನ ವಿರುದ್ಧ ಎದ್ದಾಗ ಕತ್ತರಿ, ಚಾಕುಗಳಿಂದ ಆ ಲಾಂಛನವನ್ನು ಧ್ವಜದಿಂದ ಕತ್ತರಿಸಿ ಎಸೆದರು. ನಡುವೆ ದೊಡ್ಡ ತೂತಿರುವ ತ್ರಿವರ್ಣ ಆ ಕ್ರಾಂತಿಯ ಗುರುತಾಯಿತು. ಅದೇ ತಿಂಗಳು ಹೊಸ ಆಡಳಿತ ಲಾಂಛನವನ್ನು ವಿಧಿಪೂರ್ವಕವಾಗಿ ತೆಗೆಯಿತು. ತೂತು ಮುಚ್ಚಿದ ಧ್ವಜ, ಸಾವಿರಾರು ಮೈಲಿಯಾಚೆ ಮೂವತ್ತು ವರ್ಷಗಳಿಂದ ಹಾರುತ್ತಿದ್ದ ಚಾಡಿನ ಧ್ವಜದ ತದ್ರೂಪವಾಗಿತ್ತು. ಸ್ವಾತಂತ್ರ್ಯಕ್ಕಾಗಿ ಒಂದು ಜನಾಂಗ ಕತ್ತರಿಸಿದ ತೂತು ಇನ್ನೊಂದು ಜನಾಂಗದ ಗುರುತಿನೊಡನೆ ತೊಡಕಿಕೊಂಡಿತು.

ಇದರಿಂದ ಚಿತ್ರ ಪರೀಕ್ಷಕನಿಗೆ ಗಟ್ಟಿಯಾದ ಕೊಂಡಿಯೊಂದು ದೊರೆಯುತ್ತದೆ. 1960ರಿಂದ 1989ರ ಡಿಸೆಂಬರಿನವರೆಗಿನ ಚಿತ್ರದಲ್ಲಿ ಧ್ವಜದ ಹಳದಿ ಪಟ್ಟೆ ಪೂರ್ತಿಯಾಗಿ ತೆರೆದು, ಅದರಲ್ಲಿ ಲಾಂಛನವಿಲ್ಲವೆಂಬುದು ನಿಚ್ಚಳವಾಗಿ ಕಂಡರೆ, ಅದು ರಾಷ್ಟ್ರಧ್ವಜವೇ ಆಗಿದ್ದಲ್ಲಿ ಚಾಡಿನದು. ನಡುವೆ ತೂತು ಕಂಡರೆ ಅದು 1989ರ ರುಮೇನಿಯಾವನ್ನು ಸೂಚಿಸುತ್ತದೆ. 1990ರ ಈಚಿನ ಚಿತ್ರವಾದರೆ ಮಾತ್ರ ಬಣ್ಣದ ತೊಡಕು ಉಳಿಯುತ್ತದೆ. 2004ರ ಏಪ್ರಿಲಿನಲ್ಲಿ ಚಾಡ್ ಈ ವಿಷಯವನ್ನು ವಿಶ್ವಸಂಸ್ಥೆಯ ಮುಂದೆ ಎತ್ತುತ್ತಿದೆಯೆಂಬ ಸುದ್ದಿ ಬಂದಾಗ, ರುಮೇನಿಯಾದ ಅಧ್ಯಕ್ಷ ಇಯಾನ್ ಇಲಿಯೆಸ್ಕು ತಮ್ಮ ದೇಶ ತ್ರಿವರ್ಣವನ್ನು ಬಿಟ್ಟುಕೊಡುವುದಿಲ್ಲವೆಂದು ಹೇಳಿದರು. ಎರಡು ಧ್ವಜಗಳೂ ಹಾಗೆಯೇ ಉಳಿದವು.

ಆದುದರಿಂದ ಚಿತ್ರದ ಅಡಿಯಲ್ಲಿ ಸಾಲು ಬರೆಯುವವನು ಕೊನೆಗೆ ತನ್ನ ಮುಂದಿರುವ ಸಾಕ್ಷಿಯ ಬಗೆಯನ್ನು ನೋಡಬೇಕಾಗುತ್ತದೆ. ಉದ್ದವಾಗಿ ಹರಡಿದ ಕೆಂಪು ಬಿಳಿಯ ಧ್ವಜಕ್ಕೆ ಅವನು ಧೈರ್ಯದಿಂದ ‘ಮೊನಾಕೊ ಅಲ್ಲ’ ಎನ್ನಬಹುದು. ಶುಭ್ರವಾದ ಬಿಳಿಯ ಕೆಳಗಿರುವ ತಿಳಿನೀಲಿಗೆ ‘ಲಕ್ಸೆಂಬರ್ಗ್’ ಎನ್ನಬಹುದು. ಮೋಡ ಕವಿದ ದಿನ, ತಾರೀಖಿಲ್ಲದ ಚಿತ್ರದಲ್ಲಿ ಒಂಟಿಯಾಗಿ ಹಾರುವ ನೀಲಿ, ಹಳದಿ, ಕೆಂಪಿಗೆ ಅವನು ‘ಚಾಡ್ ಅಥವಾ ರುಮೇನಿಯಾ’ ಎಂದು ಬರೆದು ಲೇಖನಿಯನ್ನು ಕೆಳಗಿಡಬೇಕು. ಆ ‘ಅಥವಾ’ ಎಂಬ ಪದದಲ್ಲಿ ಅಜ್ಞಾನವಿಲ್ಲ. ಚಿತ್ರ ಎಷ್ಟು ಹೇಳಿತೋ ಅಷ್ಟನ್ನೇ ಬರೆದ ಪ್ರಾಮಾಣಿಕತೆಯಿದೆ.